ಬಿರುಕು ಇದೆ ಎಂದೇ ಹೊರಡುವ ಲೆಕ್ಕ

ಕೊಲ್ಹಾಪುರದ ಉಜಳಾಯಿವಾಡಿಯಿಂದ ಮೇಲೇರುವ ವಿಮಾನ ಒಂದು ಗಂಟೆಯ ಆಸುಪಾಸಿನಲ್ಲಿ ಮುಂಬಯಿ ತಲುಪುತ್ತದೆ. ಪ್ರಯಾಣಿಕನಿಗೆ ಅದು ಸಮಯದ ಉಳಿತಾಯ. ವಿಮಾನದ ಒಡಲಿಗೆ ಮಾತ್ರ ಆ ಗಂಟೆಯ ಲೆಕ್ಕ ಮುಖ್ಯವಲ್ಲ. ಅದು ಎಣಿಸುವುದು ಎಷ್ಟು ಹೊತ್ತು ಹಾರಿತು ಎಂಬುದನ್ನಲ್ಲ, ಎಷ್ಟು ಬಾರಿ ಏರಿ ಇಳಿಯಿತು ಎಂಬುದನ್ನು. ಮುಂಬಯಿಯಿಂದ ಲಂಡನ್ನಿಗೆ ಒಂಬತ್ತು ಗಂಟೆ ಹಾರಿದರೂ ಒಂದೇ ಏರಿಳಿತ. ಕೊಲ್ಹಾಪುರದಿಂದ ಮುಂಬಯಿಗೆ ಹಾರಿದರೂ ಒಂದೇ ಏರಿಳಿತ. ಘೋಡಾವತ್ ಸಮೂಹದ ಸ್ಟಾರ್ ಏರ್ ಸಂಸ್ಥೆಯ ಎಂಬ್ರಾಯರ್ ವಿಮಾನಗಳಂತೆ ಸಣ್ಣ ಊರುಗಳ ನಡುವೆ ದಿನಕ್ಕೆ ಹಲವು ಸಲ ಓಡಾಡುವ ವಿಮಾನಗಳಿಗೆ ಈ ಎಣಿಕೆ ಬೇಗ ಬೇಗ ಏರುತ್ತದೆ. ವಿಮಾನವನ್ನು ಇಷ್ಟಿಷ್ಟು ಹಾರಾಟಗಳಿಗೊಮ್ಮೆ ನಿಲ್ಲಿಸಿ ಬಿರುಕಿಗಾಗಿ ತಡಕಲೇಬೇಕು ಎಂಬ ನಿಯಮ ಏಕಿದೆ, ಆ ‘ಇಷ್ಟಿಷ್ಟು’ ಎಂಬ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ಈ ಎಣಿಕೆಯಿಂದಲೇ ಹೊರಡಬೇಕು.

ನೆಲದ ಮೇಲೆ ನಿಂತ ವಿಮಾನದ ಒಳಗೂ ಹೊರಗೂ ಗಾಳಿಯ ಒತ್ತಡ ಒಂದೇ. ಮೇಲೇರಿದಂತೆ ಹೊರಗಿನ ಗಾಳಿ ತೆಳುವಾಗುತ್ತದೆ; ಮನುಷ್ಯ ಉಸಿರಾಡಬೇಕಾದುದರಿಂದ ಒಳಗಿನ ಒತ್ತಡವನ್ನು ಕಾಯ್ದುಕೊಳ್ಳಬೇಕಾಗುತ್ತದೆ. ಬೋಯಿಂಗ್ 737ರಂಥ ಜೆಟ್ ವಿಮಾನದಲ್ಲಿ ಈ ವ್ಯತ್ಯಾಸ ಚದರ ಸೆಂಟಿಮೀಟರಿಗೆ ಸುಮಾರು 0.6 ಕಿಲೋದವರೆಗೆ ಹೋಗುತ್ತದೆ. ಚದರ ಮೀಟರಿಗೆ ಹೇಳುವುದಾದರೆ ಆರು ಟನ್. ಹೀಗೆ ಉಬ್ಬಿದ ಕೊಳವೆಯ ತ್ರಿಜ್ಯ ಸುಮಾರು 188 ಸೆಂಟಿಮೀಟರ್. ಅದರ ಅಲ್ಯೂಮಿನಿಯಂ ಚರ್ಮದ ದಪ್ಪ ಹಳೆಯ 737ರಲ್ಲಿ ಕೇವಲ 0.9 ಮಿಲಿಮೀಟರ್. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ ಚರ್ಮವನ್ನು ಸುತ್ತಲೂ ಎಳೆಯುವ ಬಲ ಸಿಗುತ್ತದೆ: ಚದರ ಸೆಂಟಿಮೀಟರಿಗೆ ಸುಮಾರು 1250 ಕಿಲೋ. ಒಳಗಿನ ಚೌಕಟ್ಟುಗಳು ಇದರಲ್ಲಿ ಒಂದಿಷ್ಟನ್ನು ಹೊರುವುದರಿಂದ ಚರ್ಮದ ಪಾಲಿಗೆ ಸಾವಿರದ ಆಸುಪಾಸು ಉಳಿಯುತ್ತದೆ ಎನ್ನಬಹುದು. ಆ ಲೋಹ ಒಂದೇ ಸಲಕ್ಕೆ ಹರಿಯಬೇಕಾದರೆ ಇದರ ನಾಲ್ಕು ಪಟ್ಟಿಗಿಂತ ಹೆಚ್ಚು ಬಲ ಬೇಕು. ಆದ್ದರಿಂದ ಒಂದು ಹಾರಾಟ, ಹತ್ತು ಹಾರಾಟ, ಸಾವಿರ ಹಾರಾಟ ಅದಕ್ಕೆ ಏನೂ ಮಾಡವು ಎಂದು ಮೇಲ್ನೋಟಕ್ಕೆ ತೋರುತ್ತದೆ.

ಹಾಗೆ ತೋರುವುದು ಸುಳ್ಳು ಎಂಬುದು ಇಚಲಕರಂಜಿಯ ಮಗ್ಗದವರಿಗೂ ಗಡಹಿಂಗ್ಲಜದ ಕಬ್ಬಿನ ಗಾಡಿಯವರಿಗೂ ಪುಸ್ತಕವಿಲ್ಲದೆ ಗೊತ್ತಿದೆ. ನಿಮಿಷಕ್ಕೆ 140 ಸಲ ಲಾಳಿ ಹೊಡೆಯುವ ವಿದ್ಯುತ್ ಮಗ್ಗ ಹನ್ನೆರಡು ಗಂಟೆಯ ಒಂದು ಪಾಳಿಯಲ್ಲಿ ಒಂದು ಲಕ್ಷ ಹೊಡೆತ ಹೊಡೆಯುತ್ತದೆ. ಅದರ ಯಾವುದೋ ತೋಳು ಅಥವಾ ಶಾಫ್ಟು ವರ್ಷಗಟ್ಟಲೆ ತಿರುಗಿ, ಎಂದಿಗಿಂತ ಹೆಚ್ಚಿನ ಭಾರವೇನೂ ಬೀಳದ ಒಂದು ಸಾಮಾನ್ಯ ದಿನ ಮುರಿದು ಬೀಳುತ್ತದೆ. ಕಬ್ಬಿನ ಟ್ರಾಲಿಯ ಅಚ್ಚು ಮುರಿಯುವುದೂ ಹೀಗೆಯೇ. ಮುರಿದ ಮುಖವನ್ನು ಒರೆಸಿ ಬೆಳಕಿಗೆ ಹಿಡಿದರೆ ಎರಡು ಬಗೆಯ ಮೇಲ್ಮೈ ಕಾಣುತ್ತದೆ. ಒಂದು ಭಾಗ ನಯವಾಗಿ, ಕಪ್ಪೆಚಿಪ್ಪಿನ ಬೆನ್ನಿನಂತೆ ಬಾಗಿದ ಗೆರೆಗಳಿಂದ ಕೂಡಿರುತ್ತದೆ. ಇನ್ನೊಂದು ಭಾಗ ಒಡೆದ ಬೆಲ್ಲದ ಹಾಗೆ ಒರಟೊರಟು. ನಯವಾದ ಭಾಗ ತಿಂಗಳುಗಟ್ಟಲೆ ಇಂಚಿಂಚಾಗಿ ಬೆಳೆದ ಬಿರುಕು. ಒರಟು ಭಾಗ ಕೊನೆಯ ಕ್ಷಣದಲ್ಲಿ ಒಮ್ಮೆಗೇ ಹರಿದದ್ದು. ಚಿಪ್ಪಿನ ಗೆರೆಗಳು ಯಾವ ಬಿಂದುವಿನ ಸುತ್ತ ಬಾಗಿವೆಯೋ ಆ ಬಿಂದುವೇ ಬಿರುಕಿನ ಹುಟ್ಟೂರು. ಅಲ್ಲಿ ಬಹುಮಟ್ಟಿಗೆ ಒಂದು ರಂಧ್ರದ ಅಂಚು, ಚೂಪಾದ ಮೂಲೆ, ತುಕ್ಕಿನ ಗುಳಿ ಅಥವಾ ಉಳಿ ತಾಗಿದ ಗೀರು ಇರುತ್ತದೆ. ಲೋಹದ ದಣಿವು ಎಂದು ಕರೆಯುವುದು ಇದನ್ನೇ. ದಣಿವು ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುವಂಥದು. ದಣಿದ ಎತ್ತು ವಿಶ್ರಾಂತಿ ಪಡೆದರೆ ಚೇತರಿಸಿಕೊಳ್ಳುತ್ತದೆ. ಲೋಹದ ಬಿರುಕಿಗೆ ವಿಶ್ರಾಂತಿಯಿಂದ ಏನೂ ಆಗುವುದಿಲ್ಲ.

ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಇಲ್ಲಿ ಒಂದು ವ್ಯತ್ಯಾಸವಿದೆ. ಸಾಮಾನ್ಯ ಉಕ್ಕಿನಲ್ಲಿ, ಒಂದು ಮಿತಿಗಿಂತ ಕಡಿಮೆ ಭಾರ ಬೀಳುತ್ತಿದ್ದರೆ, ಹೊಡೆತಗಳು ಕೋಟಿಗಟ್ಟಲೆ ಬಿದ್ದರೂ ಬಿರುಕು ಹುಟ್ಟದಿರಬಹುದು. ಕೊಲ್ಹಾಪುರದ ಕಾರ್ಖಾನೆಗಳಲ್ಲಿ ತಯಾರಾಗುವ ಕ್ರ್ಯಾಂಕ್ ಶಾಫ್ಟುಗಳು ಈ ಕೃಪೆಯ ಮೇಲೆಯೇ ಬದುಕುತ್ತವೆ. ವಿಮಾನದ ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಭಾರ ಸಣ್ಣದಾದರೆ ಬಿರುಕು ತಡವಾಗಿ ಹುಟ್ಟೀತು, ಆದರೆ ಎಂದೂ ಹುಟ್ಟದು ಎಂಬ ಭರವಸೆ ಸಿಗುವುದಿಲ್ಲ. ಹಗುರವಾಗಿರಬೇಕಾದ ವಿಮಾನ ಅಲ್ಯೂಮಿನಿಯಮ್ಮನ್ನು ಬಿಡುವಂತೆಯೂ ಇಲ್ಲ.

ಮೊದಲ ತಲೆಮಾರಿನ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯ ಆಯುಷ್ಯ ನಿಗದಿ ಮಾಡುವುದು. ಒಂದು ಮಾದರಿಯನ್ನು ಪ್ರಯೋಗಾಲಯದಲ್ಲಿ ಬಿರುಕು ಬಿಡುವವರೆಗೆ ಹಿಂಡಿ, ಬಂದ ಸಂಖ್ಯೆಯನ್ನು ಒಂದು ಭಾಜಕದಿಂದ ಭಾಗಿಸಿ, ಅಷ್ಟು ಹಾರಾಟವಾದೊಡನೆ ಭಾಗವನ್ನು ತೆಗೆದೆಸೆಯುವುದು. ಬ್ರಿಟನ್ನಿನ ಕಾಮೆಟ್ ಜೆಟ್ಟುಗಳು 1954ರ ಜನವರಿ ಮತ್ತು ಏಪ್ರಿಲಿನಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದು ಬಿದ್ದಾಗ ಈ ಉಪಾಯದ ಬಡತನ ಬಯಲಾಯಿತು. ಜನವರಿಯಲ್ಲಿ ಬಿದ್ದ ವಿಮಾನ ಹಾರಿದ್ದು ಸುಮಾರು 1,290 ಸಲ ಮಾತ್ರ. ಫಾರ್ನ್‌ಬರೋದಲ್ಲಿ ಮತ್ತೊಂದು ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒತ್ತಡ ಏರಿಸಿ ಇಳಿಸಿದಾಗ, ಹಿಂದಿನ ಹಾರಾಟಗಳೂ ಸೇರಿ 3,057ನೆಯ ಸಲಕ್ಕೆ ಅದರ ಒಡಲು ಹರಿಯಿತು. ಒಂದೇ ನಕ್ಷೆ, ಒಂದೇ ಲೋಹ. ಆಯುಷ್ಯದಲ್ಲಿ ಎರಡು ಪಟ್ಟಿಗೂ ಮಿಕ್ಕಿದ ಅಂತರ. ಬಿರುಕಿನ ಹುಟ್ಟು ರಂಧ್ರದ ಅಂಚಿನ ನಯ, ಒರಟು, ಗೀರುಗಳನ್ನು ಅವಲಂಬಿಸಿರುವುದರಿಂದ ಈ ಚದುರಾಟ ತಪ್ಪದು.

ಹೀಗಾಗಿ ಎರಡನೆಯ ಉಪಾಯ ಬಂತು. ಒಂದು ಕಂಬ ಮುರಿದರೂ ಪಕ್ಕದ ಕಂಬ ಭಾರ ಹೊರುವ ಹಾಗೆ ಮನೆ ಕಟ್ಟುವಂತೆ, ಪ್ರತಿ ಮುಖ್ಯ ಭಾಗಕ್ಕೂ ಒಂದು ಆಸರೆ ಇಡುವುದು. ಕೇಳಲು ಇದು ಪೂರ್ಣ ಉತ್ತರದಂತಿದೆ. ಅದರಲ್ಲಿ ಒಂದು ಮಾತು ಮರೆತುಹೋಗಿತ್ತು ಎಂಬುದು ಗೊತ್ತಾಗಲು 1977ರ ಮೇ 14 ಬರಬೇಕಾಯಿತು. ಅಂದು ಜಾಂಬಿಯಾದ ಲುಸಾಕಾದಲ್ಲಿ ಇಳಿಯುತ್ತಿದ್ದ ಡ್ಯಾನ್-ಏರ್ ಸಂಸ್ಥೆಯ ಬೋಯಿಂಗ್ 707 ಸರಕು ವಿಮಾನದ ಬಾಲದ ಬಲ ಅಡ್ಡರೆಕ್ಕೆ ಕಳಚಿಬಿತ್ತು. ಮೂತಿ ಕೆಳಕ್ಕೆ ತಿರುಗಿ ವಿಮಾನ ನೆಲಕ್ಕೆ ಅಪ್ಪಳಿಸಿತು; ಒಳಗಿದ್ದ ಆರು ಮಂದಿಯೂ ಸತ್ತರು. ವಿಮಾನ ಅದುವರೆಗೆ ಸುಮಾರು 47,600 ಗಂಟೆ, 16,700 ಹಾರಾಟ ಪೂರೈಸಿತ್ತು. ಅಡ್ಡರೆಕ್ಕೆಯ ಹಿಂಬದಿಯ ತೊಲೆಯ ಮೇಲಂಚು ದಣಿವಿನಿಂದ ಬಿರುಕು ಬಿಟ್ಟಿತ್ತು. ಆ ಮೇಲಂಚು ಮುರಿದರೆ ಇರಲಿ ಎಂದು ನಡುವೆ ಇನ್ನೊಂದು ಆಸರೆಯ ಅಂಚನ್ನು ವಿನ್ಯಾಸಕಾರರು ಇಟ್ಟಿದ್ದರು. ಆಸರೆ ತನ್ನ ಕೆಲಸ ಮಾಡಿತ್ತು ಕೂಡ, ಸ್ವಲ್ಪ ಕಾಲ. ಆದರೆ ಮೊದಲನೆಯದು ಮುರಿದಿದೆ ಎಂಬುದನ್ನು ಯಾರೂ ನೋಡಲಿಲ್ಲ, ನೋಡುವಂತೆ ತಪಾಸಣೆಯ ವಿಧಾನವೂ ಇರಲಿಲ್ಲ. ಇಮ್ಮಡಿ ಭಾರ ಹೊತ್ತ ಆಸರೆಯಲ್ಲೂ ಬಿರುಕು ಹಬ್ಬಿತು. ಇಬ್ಬರು ಜಾಮೀನುದಾರರಿರುವ ಸಾಲಪತ್ರದಲ್ಲಿ ಮೊದಲಿನವನು ದಿವಾಳಿಯಾದ ಸುದ್ದಿ ಎರಡು ವರ್ಷ ಬ್ಯಾಂಕಿಗೆ ತಿಳಿಯದಿದ್ದರೆ ಎರಡನೆಯ ಸಹಿಗೆ ಎಷ್ಟು ಬೆಲೆಯೋ, ನೋಡುವವರಿಲ್ಲದ ಆಸರೆಗೂ ಅಷ್ಟೇ.

ಇದಕ್ಕೂ ಮುನ್ನ, 1969ರ ಡಿಸೆಂಬರಿನಲ್ಲಿ, ಅಮೆರಿಕೆಯ ವಾಯುಪಡೆಯ ಒಂದು ಎಫ್-111 ವಿಮಾನದ ರೆಕ್ಕೆ ನೂರರಷ್ಟು ಗಂಟೆ ಹಾರುವಷ್ಟರಲ್ಲೇ ಮುರಿದಿತ್ತು. ಅದರ ಉಕ್ಕಿನ ಕೀಲಿನಲ್ಲಿ ಬಿರುಕು ಹಾರಾಟದಿಂದ ಹುಟ್ಟಿದ್ದಲ್ಲ, ಕಾರ್ಖಾನೆಯಿಂದಲೇ ಜೊತೆಗೆ ಬಂದಿತ್ತು. ಇಂಥ ಪಾಠಗಳಿಂದ ಒಂದು ಹೊಸ ನಿಲುವು ರೂಪುಗೊಂಡಿತು. ಅಮೆರಿಕೆಯ ವಾಯುಪಡೆ ಅದನ್ನು 1974ರಲ್ಲಿ ತನ್ನ ನಿಯಮವಾಗಿಸಿತು. ನಾಗರಿಕ ವಿಮಾನಗಳ ನಿಯಮಕ್ಕೆ ಅದು ಸೇರಿದ್ದು 1978ರಲ್ಲಿ. ಹಾನಿ-ಸಹಿಷ್ಣುತೆ ಎಂದು ಅದಕ್ಕೆ ಹೆಸರು. ತಿರುಳು ಇಷ್ಟು: ವಿಮಾನ ಹೊಸದಾಗಿ ಹೊರಬಂದ ದಿನವೇ ಅದರ ಅತ್ಯಂತ ಕೆಟ್ಟ ಜಾಗದಲ್ಲಿ ಒಂದು ಬಿರುಕು ಇದೆ ಎಂದು ಭಾವಿಸಬೇಕು. ರೂಢಿಯಲ್ಲಿ ರಿವೆಟ್ಟಿನ ರಂಧ್ರದ ಅಂಚಿನಲ್ಲಿ 1.27 ಮಿಲಿಮೀಟರಿನ ಬಿರುಕನ್ನು ಭಾವಿಸುತ್ತಾರೆ. ಅದು ಹೇಗೆ ಬೆಳೆಯುತ್ತದೆ ಎಂದು ಲೆಕ್ಕ ಹಾಕಬೇಕು. ಅದು ಕಣ್ಣಿಗೆ ಅಥವಾ ಯಂತ್ರಕ್ಕೆ ಸಿಕ್ಕುವಷ್ಟು ದೊಡ್ಡದಾದ ದಿನಕ್ಕೂ, ಭಾರ ಹೊರಲಾರದಷ್ಟು ದೊಡ್ಡದಾಗುವ ದಿನಕ್ಕೂ ನಡುವೆ ಇರುವ ಅವಧಿಯೊಳಗೆ ಮನುಷ್ಯನೊಬ್ಬ ಹೋಗಿ ಅದನ್ನು ನೋಡಲೇಬೇಕು. ಸಾಬೀತಾಗುವವರೆಗೆ ನಿರಪರಾಧಿ ಎಂಬ ನ್ಯಾಯಾಲಯದ ಭಾವನೆ ಇಲ್ಲಿ ತಲೆಕೆಳಗಾಗಿದೆ. ಲೋಹ ತನ್ನ ನಿರಪರಾಧವನ್ನು ಪ್ರತಿ ತಪಾಸಣೆಯಲ್ಲೂ ಹೊಸದಾಗಿ ಸಾಬೀತುಪಡಿಸಬೇಕು.

ಬೆಳವಣಿಗೆಯ ಲೆಕ್ಕಕ್ಕೆ ಆಧಾರವಾದ ಸೂತ್ರ ಚಿಕ್ಕದು:

da/dN = C(ΔK)^m

ಎಡಗಡೆಯದು ಒಂದು ಹಾರಾಟಕ್ಕೆ ಬಿರುಕು ಎಷ್ಟು ಬೆಳೆಯುತ್ತದೆ ಎಂಬುದು. ΔK ಎಂಬುದು ಬಿರುಕಿನ ತುದಿಯ ಮೇಲೆ ಬೀಳುವ ಎಳೆತದ ಅಳತೆ. ಅದು ಭಾರದೊಂದಿಗೂ ಬಿರುಕಿನ ಉದ್ದದ ವರ್ಗಮೂಲದೊಂದಿಗೂ ಹೆಚ್ಚುತ್ತದೆ. C ಮತ್ತು m ಆಯಾ ಲೋಹದ ಗುಣಗಳು. ಅಲ್ಯೂಮಿನಿಯಮ್ಮಿಗೆ m ಸುಮಾರು 3. ಪಾಲ್ ಪ್ಯಾರಿಸ್ ಮತ್ತು ಸಂಗಡಿಗರು ಈ ವಿಚಾರವನ್ನು ಮುಂದಿಟ್ಟಾಗ ಹೆಸರಾಂತ ಪತ್ರಿಕೆಗಳು ಅದನ್ನು ಹಿಂದಿರುಗಿಸಿದವು. 1961ರಲ್ಲಿ ಅದು ಅಚ್ಚಾದದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಸಣ್ಣ ಪತ್ರಿಕೆಯಲ್ಲಿ. ಇಂದು ಈ ವಿದ್ಯೆಯ ಯಾವ ಪಠ್ಯವೂ ಅದಿಲ್ಲದೆ ಮುಗಿಯದು.

ಒಂದು ಉದಾಹರಣೆಯನ್ನು ಕೊನೆಯವರೆಗೆ ನಡೆಸಿ ನೋಡಬಹುದು. ಇದು ಯಾವುದೇ ನಿಜವಾದ ವಿಮಾನದ ಲೆಕ್ಕವಲ್ಲ. ವಿಧಾನ ತಿಳಿಯಲೆಂದು ಸರಳಗೊಳಿಸಿದ್ದು. ಒಂದು ಅಗಲವಾದ ಅಲ್ಯೂಮಿನಿಯಂ ಹಾಳೆ, ಪ್ರತಿ ಹಾರಾಟಕ್ಕೊಮ್ಮೆ ಚದರ ಸೆಂಟಿಮೀಟರಿಗೆ ಸಾವಿರ ಕಿಲೋ ಎಳೆತ, ನಡುವೆ ಒಂದು ಬಿರುಕು. ಮೇಲಿನ ಸೂತ್ರಕ್ಕೆ ಈ ಲೋಹದ ಸಾಮಾನ್ಯ ಬೆಲೆಗಳನ್ನು ಹಾಕಿದರೆ, ಬಿರುಕು 2 ಮಿಲಿಮೀಟರಿನಿಂದ 10 ಮಿಲಿಮೀಟರಿಗೆ ಬೆಳೆಯಲು ಸುಮಾರು 63,000 ಹಾರಾಟ ಬೇಕಾಗುತ್ತದೆ. 10ರಿಂದ 50ಕ್ಕೆ ಹೋಗಲು 28,000. 50ರಿಂದ 200ಕ್ಕೆ ಹೋಗಲು ಬರೀ 11,000. ಮೊದಲ ಎಂಟು ಮಿಲಿಮೀಟರಿಗೆ ಹಿಡಿದ ಕಾಲದ ಐದರಲ್ಲಿ ಒಂದು ಪಾಲಿನೊಳಗೆ ಕೊನೆಯ ನೂರೈವತ್ತು ಮಿಲಿಮೀಟರ್ ಮುಗಿದುಹೋಗುತ್ತದೆ. ಬಿರುಕು ಬೆಳೆದಷ್ಟೂ ಅದರ ತುದಿಯ ಮೇಲಿನ ಎಳೆತ ಹೆಚ್ಚು, ಎಳೆತ ಹೆಚ್ಚಿದಷ್ಟೂ ಬೆಳವಣಿಗೆ ವೇಗ. ಚಕ್ರಬಡ್ಡಿಯ ಸಾಲದ ಹಾಗೆ ಕೊನೆಯ ವರ್ಷಗಳಲ್ಲೇ ಅದು ಮನೆ ಮುರಿಯುವುದು.

ಇಲ್ಲಿ 200 ಮಿಲಿಮೀಟರಿಗೆ ಅಪಾಯದ ಗಡಿ ಹಾಕಿದೆವೆನ್ನಿ. ಬರಿಗಣ್ಣಿನಿಂದ ನೋಡುವ ತಪಾಸಕನಿಗೆ ನೆಚ್ಚಿಕೊಳ್ಳುವಷ್ಟು ಖಚಿತವಾಗಿ ಸಿಕ್ಕುವುದು 50 ಮಿಲಿಮೀಟರಿನ ಬಿರುಕು ಎಂದಾದರೆ, ನೋಡಲು ಉಳಿದ ಅವಕಾಶ 11,000 ಹಾರಾಟ. ಹಾಗೆಂದು 11,000ಕ್ಕೊಮ್ಮೆ ನೋಡಿದರೆ ಸಾಲದು. ಬಿರುಕು 49 ಮಿಲಿಮೀಟರ್ ಇದ್ದಾಗ ತಪಾಸಣೆ ನಡೆದು ತಪ್ಪಿಹೋದರೆ ಮುಂದಿನ ತಪಾಸಣೆಯ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಅಲ್ಲದೆ ‘ಖಚಿತವಾಗಿ’ ಎಂಬುದರ ಅರ್ಥವೂ ನೂರಕ್ಕೆ ನೂರಲ್ಲ. ಹತ್ತರಲ್ಲಿ ಒಂಬತ್ತು ಸಲ ಸಿಕ್ಕುವ ಅಳತೆಯನ್ನೇ ಈ ವಿದ್ಯೆಯಲ್ಲಿ ಸಿಕ್ಕುವ ಅಳತೆ ಎನ್ನುತ್ತಾರೆ. ಹತ್ತನೆಯದು ಜಾರಿಹೋಗುತ್ತದೆ ಎಂದು ಒಪ್ಪಿಕೊಂಡೇ ಲೆಕ್ಕ. ಆದ್ದರಿಂದ ಅವಧಿಯನ್ನು ಎರಡರಿಂದಲೋ ಮೂರರಿಂದಲೋ ಭಾಗಿಸುತ್ತಾರೆ. ಎರಡರಿಂದ ಭಾಗಿಸಿದರೆ 5,500 ಹಾರಾಟಕ್ಕೊಮ್ಮೆ ತಪಾಸಣೆ. ಒಂದು ಸಲ ತಪ್ಪಿದರೂ ಇನ್ನೊಂದು ಸಲ, ಆಗ ಬಿರುಕು ದೊಡ್ಡದಾಗಿರುವುದರಿಂದ ಇನ್ನೂ ಸುಲಭವಾಗಿ, ಸಿಕ್ಕೀತು. ದಿನಕ್ಕೆ ಆರು ಸಲ ಹಾರುವ ವಿಮಾನಕ್ಕೆ ಇದು ಎರಡೂವರೆ ವರ್ಷ. ದಿನಕ್ಕೆ ಎರಡು ಸಲ ಹಾರುವ ವಿಮಾನಕ್ಕೆ ಏಳೂವರೆ ವರ್ಷ.

ಕಣ್ಣಿನ ಬದಲು ಎಡ್ಡಿ ಕರೆಂಟ್ ಉಪಕರಣ ಬಳಸಿದರೆ ಲೆಕ್ಕ ಬದಲಾಗುತ್ತದೆ. ಒಂದು ಸಣ್ಣ ತಂತಿಸುರುಳಿಯನ್ನು ಲೋಹದ ಮೇಲೆ ಸರಿಸಿದಾಗ ಲೋಹದಲ್ಲಿ ಸುಳಿಯಾಕಾರದ ವಿದ್ಯುತ್ ಹರಿಯುತ್ತದೆ. ಬಿರುಕು ಆ ಸುಳಿಯನ್ನು ಅಡ್ಡಗಟ್ಟಿದರೆ ಪರದೆಯ ಮೇಲಿನ ಗೆರೆ ಜಿಗಿಯುತ್ತದೆ. ಬಣ್ಣದ ಕೆಳಗಿನ ಬಿರುಕೂ ಹೀಗೆ ಸಿಕ್ಕುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 10 ಮಿಲಿಮೀಟರಿನ ಬಿರುಕನ್ನು ಹಿಡಿಯುತ್ತದೆ ಎಂದಿಟ್ಟುಕೊಂಡರೆ ಅವಕಾಶ 39,000 ಹಾರಾಟಕ್ಕೆ ಹಿಗ್ಗುತ್ತದೆ. ಮೂರರಿಂದ ಭಾಗಿಸಿದರೂ 13,000ಕ್ಕೊಮ್ಮೆ ನೋಡಿದರೆ ಸಾಕು. ಶಿರೋಲಿಯ ಫೌಂಡ್ರಿಗಳಲ್ಲಿ ಎರಕದ ಭಾಗಗಳನ್ನು ಬಣ್ಣದ ದ್ರಾವಣ ಹಾಕಿ ನೋಡುವುದನ್ನು ಕಂಡವರಿಗೆ ಗೊತ್ತಿರುವಂತೆ, ಪ್ರತಿಯೊಂದು ವಿಧಾನಕ್ಕೂ ಅದರದೇ ಕುರುಡಿದೆ. ದ್ರಾವಣ ಮೇಲ್ಮೈಗೆ ತೆರೆದ ಬಿರುಕನ್ನಷ್ಟೇ ತೋರಿಸುತ್ತದೆ, ಕಾಂತದ ಪುಡಿ ಅಲ್ಯೂಮಿನಿಯಮ್ಮಿಗೆ ಒಗ್ಗದು. ಹೀಗಾಗಿ ತಪಾಸಣೆಯ ಅವಧಿ ಎಂಬುದು ಲೋಹದ ಗುಣವಷ್ಟೇ ಅಲ್ಲ, ನೋಡುವವನ ಕೈಯಲ್ಲಿ ಏನಿದೆ ಎಂಬುದರ ಗುಣವೂ ಹೌದು.

ಈ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ತೆಗೆಯುವ ಕೆಲಸ ಕನ್ನಡ ನಾಡಿನಲ್ಲೂ ಬಹುಕಾಲದಿಂದ ನಡೆದಿದೆ. 1959ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಬೆಂಗಳೂರಿನಲ್ಲಿ ನೆಲೆಯಾಯಿತು. 1965ರಿಂದ ಸುಮಾರು ಎರಡು ದಶಕ ಅದರ ನಿರ್ದೇಶಕರಾಗಿದ್ದ ಎಸ್. ಆರ್. ವಲ್ಲೂರಿ ಅವರು ಅದಕ್ಕೂ ಮುಂಚೆ ಅಮೆರಿಕೆಯ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಲೋಹದ ದಣಿವಿನ ಮೇಲೆಯೇ ಸಂಶೋಧನೆ ಮಾಡಿದ್ದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ದತ್ತಗುರು ಅವರು ಬಿರುಕುಗಳ ಗಣಿತವನ್ನು ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಕಲಿಸಿದರು. ಅಪಘಾತದಲ್ಲಿ ಮುರಿದ ಭಾಗಗಳ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ಓದುವ ತಂಡವೂ ಆ ಪ್ರಯೋಗಾಲಯದಲ್ಲಿದೆ. ಅಚ್ಚಿನ ಮೇಲೆ ಬರಿಗಣ್ಣಿಗೆ ಕಾಣುವ ಚಿಪ್ಪಿನ ಗೆರೆಗಳ ನಡುವೆ ಇನ್ನೂ ಸಣ್ಣ ಗೆರೆಗಳಿರುತ್ತವೆ. ಅನುಕೂಲ ಸಂದರ್ಭಗಳಲ್ಲಿ ಒಂದೊಂದು ಗೆರೆ ಒಂದೊಂದು ಭಾರದ ಗುರುತು. ಅವನ್ನು ಎಣಿಸಿದರೆ ಬಿರುಕು ಎಷ್ಟು ಹಾರಾಟಗಳ ಹಿಂದೆ ಬೆಳೆಯತೊಡಗಿತು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಮರದ ವಯಸ್ಸನ್ನು ಉಂಗುರ ಎಣಿಸಿ ಹೇಳುವ ಹಾಗೆಯೇ ಇದು.

ಇಷ್ಟು ಅಚ್ಚುಕಟ್ಟಾದ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಹೇಳದೆ ಬಿಟ್ಟರೆ ವಿಷಯ ಅರ್ಧವೇ ಆದೀತು. ಅದಕ್ಕೆ ಹವಾಯಿ ದ್ವೀಪಗಳಿಗೆ ಹೋಗಬೇಕು. ಅಲ್ಲಿನ ಅಲೋಹಾ ಸಂಸ್ಥೆಯ ವಿಮಾನಗಳೂ ಕೊಲ್ಹಾಪುರ–ಮುಂಬಯಿಯಂಥ, ಅದಕ್ಕಿಂತಲೂ ಗಿಡ್ಡನೆಯ, ದಾರಿಗಳಲ್ಲಿ ಓಡಾಡುತ್ತಿದ್ದವು. 1988ರ ಏಪ್ರಿಲ್ 28ರಂದು ಹಿಲೋದಿಂದ ಹೊನೊಲುಲುವಿಗೆ 95 ಜನರನ್ನು ಹೊತ್ತು ಹೊರಟ ಬೋಯಿಂಗ್ 737ರ ಮುಂಭಾಗದ ಚಾವಣಿ, ಸುಮಾರು ಐದೂವರೆ ಮೀಟರ್ ಉದ್ದಕ್ಕೆ, 24,000 ಅಡಿ ಎತ್ತರದಲ್ಲಿ ಕಿತ್ತು ಹಾರಿಹೋಯಿತು. ನಿಂತಿದ್ದ ಗಗನಸಖಿಯೊಬ್ಬರು ಹೊರಗೆ ಸೆಳೆದುಹೋದರು. ಬಯಲು ಗಾಳಿಯಲ್ಲಿ ಪಟ್ಟಿ ಬಿಗಿದು ಕುಳಿತ ಉಳಿದವರನ್ನು ಚಾಲಕರು ಹದಿಮೂರು ನಿಮಿಷಗಳಲ್ಲಿ ಮಾವಿ ದ್ವೀಪದಲ್ಲಿ ಜೀವಂತ ಇಳಿಸಿದರು. ಹತ್ತೊಂಬತ್ತು ವರ್ಷ ಹಳೆಯದಾದ ಆ ವಿಮಾನ 35,496 ಗಂಟೆಗಳಲ್ಲಿ 89,680 ಹಾರಾಟ ನಡೆಸಿತ್ತು. ಅಂದರೆ ಸರಾಸರಿ ಒಂದು ಹಾರಾಟಕ್ಕೆ 24 ನಿಮಿಷ.

ದೊಡ್ಡ ತಪಾಸಣೆಯನ್ನು 20,000 ಗಂಟೆಗೊಮ್ಮೆ ಮಾಡಬೇಕೆಂದು ಬೋಯಿಂಗ್ ಸೂಚಿಸಿದ್ದರೆ, ಅಲೋಹಾ 15,000 ಗಂಟೆಗೊಮ್ಮೆ ಮಾಡುತ್ತಿತ್ತು. ಕಾಗದದ ಮೇಲೆ ಇದು ಹೆಚ್ಚಿನ ಎಚ್ಚರ. ಆದರೆ ಚರ್ಮದ ಬಿರುಕು ಗಂಟೆಯನ್ನು ಎಣಿಸುವುದಿಲ್ಲ ಎಂಬುದನ್ನು ಮೇಲೆಯೇ ಕಂಡೆವು. ಬೋಯಿಂಗ್ ಈ ಮಾದರಿಯನ್ನು ರೂಪಿಸಿದಾಗ 51,000 ಗಂಟೆಗೆ 75,000 ಹಾರಾಟ, ಅಂದರೆ ಒಂದಕ್ಕೆ 41 ನಿಮಿಷ, ಎಂದು ಎಣಿಸಿತ್ತು. 24 ನಿಮಿಷದ ಹಾರಾಟಗಳಲ್ಲಿ 15,000 ಗಂಟೆ ಎಂದರೆ ಸುಮಾರು 38,000 ಏರಿಳಿತ. ಬೋಯಿಂಗಿನ ಎಣಿಕೆಯಲ್ಲಿ 20,000 ಗಂಟೆಗೆ ಆಗುತ್ತಿದ್ದುದು ಸುಮಾರು 29,000. ಕಟ್ಟುನಿಟ್ಟಾದುದು ಎಂದು ತೋರಿದ ಗಡುವು ವಾಸ್ತವದಲ್ಲಿ ಸಡಿಲವಾಗಿತ್ತು.

ಬಿರುಕು ಹುಟ್ಟಿದ್ದು ಎರಡು ಹಾಳೆಗಳು ಒಂದರ ಮೇಲೊಂದು ಹಾಯ್ದು ಸೇರುವ ಲ್ಯಾಪ್ ಜಾಯಿಂಟಿನಲ್ಲಿ. ಆರಂಭದ 737ಗಳಲ್ಲಿ ಅಲ್ಲಿ ಅಂಟು ಹಚ್ಚಿ, ಮೇಲೆ ಮೂರು ಸಾಲು ರಿವೆಟ್ ಬಡಿಯುತ್ತಿದ್ದರು. ಭಾರವನ್ನು ಅಂಟು ಹಂಚಿಕೊಳ್ಳಬೇಕೆಂಬುದು ಯೋಜನೆ. ತೇವ, ಉಪ್ಪುಗಾಳಿ ತಾಗಿ ಅಂಟು ಬಿಟ್ಟಾಗ ಭಾರವೆಲ್ಲ ರಿವೆಟ್ಟುಗಳ ಮೇಲೆ ಬಿತ್ತು. ರಿವೆಟ್ಟಿನ ತಲೆ ಹೊರಗೆ ಉಬ್ಬದಿರಲೆಂದು ರಂಧ್ರದ ಬಾಯನ್ನು ಇಳಿಜಾರಾಗಿ ಕೊರೆದಿದ್ದರು. ಹಾಳೆ ತೆಳುವಾದುದರಿಂದ ರಂಧ್ರದ ಅಂಚು ಚಾಕುವಿನ ಅಲಗಿನಂತೆ ಚೂಪಾಗಿ ಉಳಿದಿತ್ತು. ಮೇಲಿನ ಸಾಲಿನ ಒಂದಲ್ಲ, ಅನೇಕ ರಂಧ್ರಗಳಲ್ಲಿ ಏಕಕಾಲಕ್ಕೆ ಸಣ್ಣ ಸಣ್ಣ ಬಿರುಕುಗಳು ಹುಟ್ಟಿ ಒಂದೇ ಗೆರೆಯ ಮೇಲೆ ಬೆಳೆದವು.

ಒಂಟಿ ಬಿರುಕಿನ ಲೆಕ್ಕ ಇಲ್ಲಿಯೇ ಮುರಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 200 ಮಿಲಿಮೀಟರಿನ ಬಿರುಕನ್ನೂ ಹಾಳೆ ತಡೆದುಕೊಂಡಿತು, ಏಕೆಂದರೆ ಅದರ ಆಚೆಗೆ ಗಟ್ಟಿ ಲೋಹವಿತ್ತು. ಉದ್ದನೆಯ ಒಂದು ಸೀಳು ಮುಂದಿನ ಪಟ್ಟಿಯನ್ನು ತಲುಪಿ ಅಡ್ಡಕ್ಕೆ ತಿರುಗಿ, ಸಣ್ಣ ಬಾಗಿಲಿನ ಹಾಗೆ ತೆರೆದುಕೊಂಡು ಗಾಳಿಯನ್ನು ಮೆಲ್ಲಗೆ ಬಿಟ್ಟುಬಿಡಲಿ ಎಂಬುದೇ ಬೋಯಿಂಗಿನ ವಿನ್ಯಾಸ. ಮುಂದಿನ ರಂಧ್ರವೂ, ಅದರ ಮುಂದಿನದೂ ಆಗಲೇ ಬಿರುಕು ಬಿಟ್ಟಿದ್ದರೆ ತಡೆಯಲು ಗಟ್ಟಿ ಲೋಹವೇ ಇಲ್ಲ. ಅಂಚೆಚೀಟಿಗಳ ಹಾಳೆಯಲ್ಲಿ ತೂತುಗಳ ಸಾಲು ಹೇಗೋ ಹಾಗೆ. ಒಂದೊಂದು ಬಿರುಕೂ ಸಿಕ್ಕದಷ್ಟು ಸಣ್ಣದು, ಸೇರಿದ ಕ್ಷಣ ಚಾವಣಿಯಷ್ಟು ದೊಡ್ಡದು. ಸಿಕ್ಕುವ ಅಳತೆಗೂ ಅಪಾಯದ ಅಳತೆಗೂ ನಡುವಿನ ಅವಕಾಶವೇ ಮಾಯ.

ಆ ವಿಮಾನ ತಪಾಸಣೆಯೇ ಇಲ್ಲದೆ ಹಾರುತ್ತಿತ್ತು ಎನ್ನುವಂತಿಲ್ಲ ಎಂಬುದು ಈ ಪ್ರಕರಣದ ಅತ್ಯಂತ ಕಳವಳದ ಅಂಶ. ಲ್ಯಾಪ್ ಜಾಯಿಂಟುಗಳನ್ನು ನೋಡಬೇಕೆಂದು ಬೋಯಿಂಗ್ ಎಚ್ಚರಿಕೆಯ ಪತ್ರ ಕಳಿಸಿತ್ತು. 1987ರಲ್ಲಿ ಅಮೆರಿಕೆಯ ವಿಮಾನಯಾನ ಆಡಳಿತ ಅದನ್ನು ಕಡ್ಡಾಯ ಆದೇಶವಾಗಿಸುವಾಗ ಕಡ್ಡಾಯವನ್ನು ಮೇಲ್ಭಾಗದ ಎರಡು ಜೋಡಣೆಗಳಿಗೆ ಸೀಮಿತಗೊಳಿಸಿತು. ಹರಿಯತೊಡಗಿದ್ದು ಅವುಗಳ ಕೆಳಗಿನ ಬೇರೊಂದು ಜೋಡಣೆ. ಆದೇಶದ ಪದಗಳನ್ನು ಅಕ್ಷರಶಃ ಪಾಲಿಸಿದವನಿಗೂ ಆ ಬಿರುಕನ್ನು ನೋಡುವ ಹೊಣೆ ಇರಲಿಲ್ಲ. ಜೊತೆಗೆ ಕೆಲಸದ ಸ್ವರೂಪವನ್ನೂ ನೆನೆಯಬೇಕು. ಹಗಲೆಲ್ಲ ಹಾರುವ ವಿಮಾನ ತಪಾಸಕನಿಗೆ ಸಿಕ್ಕುವುದು ರಾತ್ರಿ. ಅವನು ವಿಮಾನದ ಬೆನ್ನಿನ ಮೇಲೆ ಹಗ್ಗ ಕಟ್ಟಿಕೊಂಡು ತೆವಳುತ್ತ, ಟಾರ್ಚ್ ಹಿಡಿದು, ಒಂದೇ ಬಗೆಯ ನೂರಾರು ರಿವೆಟ್ ತಲೆಗಳನ್ನು ನೋಡುತ್ತ ಹೋಗಬೇಕು; ಅದರಲ್ಲಿ ಬಹುತೇಕ ಎಲ್ಲವೂ ಸರಿಯಾಗಿಯೇ ಇರುತ್ತವೆ. ಅಪಘಾತದ ದಿನ ಹಿಲೋದಲ್ಲಿ ವಿಮಾನ ಹತ್ತುತ್ತಿದ್ದ ಪ್ರಯಾಣಿಕರೊಬ್ಬರಿಗೆ ಬಾಗಿಲಿನ ಬಳಿ ಬಿರುಕು ಕಾಣಿಸಿತ್ತು. ಅವರು ಅದನ್ನು ಯಾರಿಗೂ ಹೇಳದೆ ಒಳಗೆ ಹೋಗಿ ಕುಳಿತರು.

ಆಮೇಲಿನ ಬದಲಾವಣೆಗಳಲ್ಲಿ ಎರಡು ಗಮನಾರ್ಹ. ಹಳೆಯ 737ಗಳ ಜೋಡಣೆಯ ಮೇಲಿನ ಸಾಲಿನ ಇಳಿಜಾರು ರಿವೆಟ್ಟುಗಳನ್ನು ತೆಗೆದು ಗುಂಡಿಯಂತೆ ಉಬ್ಬಿದ ತಲೆಯ ರಿವೆಟ್ಟುಗಳನ್ನು ಹಾಕುವುದು ಕಡ್ಡಾಯವಾಯಿತು. ಚಾಕುವಿನ ಅಂಚು ಹೋಯಿತು. ಇನ್ನೊಂದು ತಡವಾಗಿ ಬಂತು. ಅನೇಕ ಬಿರುಕುಗಳು ಒಟ್ಟಿಗೆ ಹುಟ್ಟುವ ವಯಸ್ಸು ಬಂದ ಮೇಲೆ ಯಾವ ಅವಧಿಯ ತಪಾಸಣೆಯೂ ಸಾಲದು ಎಂದು ಒಪ್ಪಿಕೊಂಡು, ಪ್ರತಿ ಮಾದರಿಯ ದೊಡ್ಡ ವಿಮಾನಕ್ಕೂ ಇಂತಿಷ್ಟು ಹಾರಾಟಗಳ ಕೊನೆಯ ಗಡಿ ಹಾಕುವ ನಿಯಮ ಅಮೆರಿಕೆಯಲ್ಲಿ 2011ರ ಜನವರಿಯಲ್ಲಿ ಜಾರಿಗೆ ಬಂತು. ಅದರಾಚೆಗೆ ಹಾರಿಸಬೇಕಾದರೆ ಹೊಸ ಪುರಾವೆ ಒದಗಿಸಬೇಕು.

ಆ ನಿಯಮ ಬಂದು ಮೂರು ತಿಂಗಳೂ ಕಳೆದಿರಲಿಲ್ಲ. 2011ರ ಏಪ್ರಿಲ್ 1ರಂದು ಅಮೆರಿಕೆಯ ಅರಿಜೋನಾದ ಮೇಲೆ ಸೌತ್‌ವೆಸ್ಟ್ ಸಂಸ್ಥೆಯ 737-300 ವಿಮಾನದ ಚಾವಣಿಯಲ್ಲಿ ಸುಮಾರು ಒಂದೂವರೆ ಮೀಟರ್ ಉದ್ದದ ಸೀಳು ಬಾಯಿಬಿಟ್ಟಿತು. ಈ ಸಲ ಬಾಗಿಲಿನಂತೆ ತೆರೆಯುವ ವಿನ್ಯಾಸ ಕೆಲಸ ಮಾಡಿತು. ವಿಮಾನ ಯೂಮಾದಲ್ಲಿ ಸುರಕ್ಷಿತವಾಗಿ ಇಳಿಯಿತು. ಅದು ಹಾರಿದ್ದು ಸುಮಾರು 39,800 ಸಲ. ಆ ಜೋಡಣೆಯನ್ನು 60,000 ಹಾರಾಟಗಳವರೆಗೆ ನೋಡಬೇಕಾಗಿಲ್ಲ ಎಂದು ಬೋಯಿಂಗಿನ ಎಣಿಕೆಯಿತ್ತು. ಮುರಿದ ಮುಖವನ್ನು ಪರೀಕ್ಷಿಸಿದಾಗ ಕಂಡದ್ದು: ವಿಮಾನವನ್ನು ಕಟ್ಟುವಾಗಲೇ ಆ ಫಲಕವನ್ನು ದುರಸ್ತಿ ಮಾಡಿದ್ದರು, ಆಗ ಮೇಲಿನ ಹಾಳೆಯ ರಂಧ್ರಗಳೂ ಕೆಳಗಿನ ಹಾಳೆಯ ರಂಧ್ರಗಳೂ ನೇರಕ್ಕೆ ಕೂಡಿರಲಿಲ್ಲ. ಸೂತ್ರ ತಪ್ಪಿರಲಿಲ್ಲ, ಲೋಹವೂ ಕೆಟ್ಟಿರಲಿಲ್ಲ. ರಂಧ್ರ ದುಂಡಗಿದೆ ಎಂಬ ಭಾವನೆಯೊಂದು ತಪ್ಪಿತ್ತು. ಒಂದು ವಾರದೊಳಗೆ ಹೊಸ ಆದೇಶ ಹೊರಬಿತ್ತು. ಆ ಬಗೆಯ 737ಗಳಲ್ಲಿ 30,000 ಹಾರಾಟ ದಾಟಿದವುಗಳ ಆ ಜೋಡಣೆಯನ್ನು ಎಡ್ಡಿ ಕರೆಂಟಿನಿಂದ ನೋಡಬೇಕು, ಆಮೇಲೆ ಪ್ರತಿ 500 ಹಾರಾಟಗಳಿಗೊಮ್ಮೆ ಮತ್ತೆ ನೋಡಬೇಕು.